ಅಕ್ಷರಮಾಲೆಗಿಂತ ಮೊದಲು ಅವರವರ ಹೆಸರು

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಆಡುವ ಮಾತು ತೆಲುಗು. ಮೂರ್ನಾಲ್ಕು ಮನೆಗಳಲ್ಲಿ ಉರ್ದು. ಮೊದಲ ವರ್ಷ ನಾನೂ ಗೋಡೆಯ ಚಾರ್ಟಿನಿಂದಲೇ ಶುರು ಮಾಡಿದೆ. ಅಳಿಲಿನ ಚಿತ್ರ ತೋರಿಸಿ "ಇದೇನು?" ಅಂದರೆ ಮಕ್ಕಳು "ಉಡುತ" ಅನ್ನುತ್ತಿದ್ದರು. ಆನೆ ತೋರಿಸಿದರೆ "ಏನುಗು". ಇಲಿ ತೋರಿಸಿದರೆ "ಎಲುಕ". ಮಕ್ಕಳ ಉತ್ತರ ಸರಿಯೇ. ಆದರೆ ಆ ಉತ್ತರದಲ್ಲಿ ಅ, ಆ, ಇ ಎಲ್ಲಿಂದ ಬರಬೇಕು? ಕೊನೆಗೆ ಅವರು ಅ ಆ ಇ ಈ ಸಾಲನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡರು. ನಡುವಿನ ಒಂದು ಅಕ್ಷರ ಮುಚ್ಚಿ ತೆರೆದು ಕೇಳಿದರೆ ಮತ್ತೆ ಅ ಇಂದ ಹೇಳಿಕೊಂಡು ಬರಬೇಕಿತ್ತು.

ಮನೆಯಲ್ಲಿ ಯಾವ ಭಾಷೆ ಆಡಿದರೂ ಮಗುವಿನ ಹೆಸರು ಮಾತ್ರ ಬದಲಾಗುವುದಿಲ್ಲ, ಅಲ್ವಾ? ಎರಡನೇ ವರ್ಷ ಅಲ್ಲಿಂದ ಶುರು ಮಾಡಿದೆ. ಹದಿನಾರು ಮಕ್ಕಳಿದ್ದರು. ಮೊದಲು ಪ್ರತಿ ತಾಯಿಯನ್ನೂ "ಮನೇಲಿ ಏನಂತ ಕರೀತೀರಮ್ಮಾ?" ಅಂತ ಕೇಳಿದೆ. ರಿಜಿಸ್ಟರಿನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಜಾಸ್ತಿ. ಮಗು ಯಾವ ಹೆಸರಿಗೆ ತಿರುಗಿ ನೋಡುತ್ತದೋ ಅದನ್ನೇ ಬರೆದೆ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕಾರ್ಡಿಗೆ ಚೆನ್ನಾಗಿ ಆಗುತ್ತದೆ. ದಪ್ಪ ಕಪ್ಪು ಮಾರ್ಕರಿನಲ್ಲಿ, ಮೂರು ಬೆರಳಿನಷ್ಟು ಎತ್ತರದ ಅಕ್ಷರ. ಎರಡು ಅಕ್ಷರದ ನಡುವೆ ಕತ್ತರಿ ಹೋಗುವಷ್ಟು ಜಾಗ. ಮೇಲೆ ಅಗಲದ ಸೆಲೋ ಟೇಪ್, ಯಾಕೆಂದರೆ ಹಾಲು ಚೆಲ್ಲುತ್ತದೆ.

ಮೊದಲ ಆಟ ಹಾಜರಿ. ಚಾಪೆ ಮೇಲೆ ಕಾರ್ಡು ಇಟ್ಟಿರುತ್ತೇನೆ. ಬಂದ ಮಗು ತನ್ನ ಕಾರ್ಡು ಹುಡುಕಿ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಬೇಕು. ಹದಿನಾರೂ ಒಟ್ಟಿಗೆ ಹರಡಿದ ದಿನ ಮಕ್ಕಳು ಸುಮ್ನೆ ನಿಂತುಬಿಟ್ಟರು. ಆಮೇಲೆ ಒಂದು ಸಲಕ್ಕೆ ನಾಲ್ಕು ಇಟ್ಟೆ. ಆ ನಾಲ್ಕನ್ನು ಆರಿಸುವುದರಲ್ಲೇ ಆಟ ಇದೆ. ಪವನ್ ಬಂದಾಗ ಅವನ ಕಾರ್ಡಿನ ಪಕ್ಕ ಲಕ್ಷ್ಮಿ, ಆಯೇಷಾ, ಕಿರಣ ಇಡುತ್ತಿದ್ದೆ. ನೋಡಲು ಬೇರೆ ಬೇರೆ, ಬೇಗ ಸಿಗುತ್ತದೆ. ಎರಡು ವಾರ ಬಿಟ್ಟು ಪಲ್ಲವಿಯ ಕಾರ್ಡನ್ನು ಪಕ್ಕಕ್ಕೆ ತಂದೆ. ಆಗ ಪ ಒಂದನ್ನೇ ನೋಡಿದರೆ ಸಾಲದು, ಎರಡನೇ ಅಕ್ಷರಕ್ಕೂ ಕಣ್ಣು ಹೋಗಬೇಕು.

ಇಲ್ಲಿ ನಾನೊಮ್ಮೆ ಮೋಸ ಹೋದೆ. ನಯನ ಎಂಬ ಹುಡುಗಿ ಮೂರನೇ ದಿನವೇ ಕಾರ್ಡು ಎತ್ತಿಕೊಳ್ಳುತ್ತಿದ್ದಳು. ನನಗೆ ತುಂಬಾ ಖುಷಿ. ಒಂದು ದಿನ ಅವಳ ಕಾರ್ಡು ಹರಿದು ಹೊಸದು ಬರೆದೆ, ಅವಳಿಗೆ ಸಿಗಲೇ ಇಲ್ಲ. ಹಳೆಯದರ ಮೂಲೆಯಲ್ಲಿ ಅರಿಶಿನದ ಕಲೆ ಇತ್ತು, ಅವಳು ಗುರುತು ಹಿಡಿಯುತ್ತಿದ್ದದ್ದು ಅದನ್ನು. ಅಂದಿನಿಂದ ಎರಡು ವಾರಕ್ಕೊಮ್ಮೆ ಕಾರ್ಡು ಹೊಸದಾಗಿ ಬರೆಯುತ್ತೇನೆ, ಒಂದು ಸಲ ನಾನು, ಒಂದು ಸಲ ನಮ್ಮ ಸಹಾಯಕಿ. ಬೇರೆ ಕೈಬರಹದಲ್ಲೂ, ನೆಲದ ಮೇಲೆ ಸೀಮೆಸುಣ್ಣದಲ್ಲೂ ಹೆಸರು ಕಂಡುಹಿಡಿದರೆ ಮಾತ್ರ ಮಗುವಿಗೆ ಅಕ್ಷರ ಗೊತ್ತಾಗಿದೆ ಅಂತ ಲೆಕ್ಕ.

ಎರಡನೇ ಆಟ ಕತ್ತರಿಸಿ ಜೋಡಿಸುವುದು. ಮೊದಲು ಚಪ್ಪಾಳೆ ತಟ್ಟಿ ಹೆಸರು ಹೇಳುತ್ತೇವೆ. ಕ-ಮ-ಲ, ಮೂರು ಚಪ್ಪಾಳೆ. ಆಮೇಲೆ ಕಾರ್ಡನ್ನು ಮೂರು ತುಂಡು ಮಾಡಿ ಮತ್ತೆ ಸಾಲಾಗಿ ಇಡಬೇಕು. ಕಮಲ, ನಯನದಂಥ ಹೆಸರಿಗೆ ಇದು ಸಲೀಸು. ಲಕ್ಷ್ಮಿಯ ವಿಷಯದಲ್ಲಿ ನಾನು ತಡವರಿಸಿದೆ. ಕ, ಷ ಒತ್ತು, ಮ ಒತ್ತು, ಗುಡಿಸು, ಇದನ್ನೆಲ್ಲ ನಾಲ್ಕು ವರ್ಷದ ಮಗುವಿಗೆ ಬಿಡಿಸಿ ಹೇಳಲು ಹೋಗಿ ಅವಳ ಮುಖ ಬಾಡಿತು. ಮಾರನೇ ದಿನ ಬರೀ ಎರಡೇ ತುಂಡು ಮಾಡಿದೆ: ಲ ಒಂದು, ಕ್ಷ್ಮಿ ಒಂದು. ಅವಳಿಗೆ ಅದು ಅಷ್ಟೂ ಸೇರಿ ಒಂದೇ ಗೊಂಬೆ. ನಿಜ ಹೇಳಬೇಕೆಂದರೆ ತರಗತಿಯಲ್ಲಿ ಯಾರೂ ಅದನ್ನು ಇನ್ನೊಂದು ಅಕ್ಷರದ ಜೊತೆ ಗೊಂದಲ ಮಾಡಿಕೊಳ್ಳಲಿಲ್ಲ. ಗೊಂದಲ ಆಗಿದ್ದು ಸುಲಭ ಅಂದುಕೊಂಡಿದ್ದ ವ ಮತ್ತು ಮ ನಡುವೆ. ಅವೆರಡನ್ನು ನೆಲದ ಮೇಲೆ ದೊಡ್ಡದಾಗಿ ಬರೆದು ಗೆರೆಯ ಮೇಲೆ ಹುಣಸೆಬೀಜ ಜೋಡಿಸಲು ಹೇಳಿದೆ. ಮ ಬಲಗಡೆ ಇನ್ನೂ ಒಂದು ಸುತ್ತು ಬೀಜ ಕೇಳುತ್ತದೆ. ವ ಮುಗಿಸಿದವರು ಕೈ ಖಾಲಿ ಕೂತರೆ ಮ ಮಾಡುವವರು ಇನ್ನೂ ಬೀಜ ಹೆಕ್ಕುತ್ತಿದ್ದರು. ವ್ಯತ್ಯಾಸ ಅವರ ಬೆರಳಿಗೇ ತಿಳಿಯಿತು.

ತುಂಡಾದ ಮೇಲೆ ಜಗಳವೂ ಶುರುವಾಯಿತು. ಪಲ್ಲವಿ ಪ ಎತ್ತಿಕೊಂಡರೆ ಪವನ್ "ಅದಿ ನಾದಿ" ಅಂತ ಕಿತ್ತುಕೊಳ್ಳುತ್ತಿದ್ದ. ಅವನ ಲೆಕ್ಕದಲ್ಲಿ ಪ ಅಂದರೆ ಅಕ್ಷರ ಅಲ್ಲ, ಪ ಅಂದರೆ ಪವನ್. ಈ ಹಂತವನ್ನು ದಾಟಿಸದಿದ್ದರೆ ಹೆಸರಿನ ಆಟ ಹೆಸರಿನಲ್ಲೇ ನಿಂತುಹೋಗುತ್ತದೆ. ಅದಕ್ಕೆ "ಯಾರ ಹತ್ತಿರ ಇನ್ನೊಂದಿದೆ?" ಅನ್ನುವ ಆಟ ಮಾಡಿದೆ. ನಾನು ಒಂದು ತುಂಡು ಎತ್ತಿ ಹಿಡಿದರೆ ಅದೇ ಅಕ್ಷರ ಇರುವವರೆಲ್ಲ ಎದ್ದು ಒಟ್ಟಿಗೆ ನಿಲ್ಲಬೇಕು. ಪ ಹಿಡಿದಾಗ ಪವನ್, ಪಲ್ಲವಿ ಕೈ ಹಿಡಿದು ನಿಂತರು. ನ ಹಿಡಿದಾಗ ನಯನ ಎರಡೂ ಕೈಯಲ್ಲಿ ಎರಡು ನ ಎತ್ತಿದಳು. ಪವನ್ ತನ್ನ ನ್ ತಂದು ನೋಡಿ, ತಲೆ ಅಲ್ಲಾಡಿಸಿ, "ಇದು ಬೇರೆ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಕ ಮತ್ತು ಕಿರಣನ ಕಿ ಬಂದಾಗ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಬರೀ ನೋಡಲು ಬಿಟ್ಟೆ. ಕಾಗುಣಿತದ ಪಾಠ ಮಾಡಲಿಲ್ಲ, ಅದಕ್ಕೆ ಮುಂದೆ ಬೇಕಾದಷ್ಟು ಸಮಯ ಇದೆ.

"ಇನ್ನೂ ಅ ಆ ಇ ಈ ಬರೆಸಿಲ್ವಾ ಟೀಚರ್?" ಅಂತ ಕೆಲವು ತಾಯಂದಿರು ಕೇಳಿದರು. ಒಂದನೇ ತರಗತಿಯ ನಲಿ-ಕಲಿಯಲ್ಲಿಯೂ ಪಾಠ ರ ಗ ಸ ದ ಅ ಅಂತ ಶುರುವಾಗುತ್ತದೆ, ಅಕ್ಷರಮಾಲೆಯ ಸಾಲಿನಿಂದಲ್ಲ ಅಂತ ತೋರಿಸಿದೆ. ಹಾಗೆಂದು ಹೆಸರುಗಳಲ್ಲೇ ಎಲ್ಲ ಅಕ್ಷರ ಸಿಗುವುದೂ ಇಲ್ಲ. ನಮ್ಮ ಹದಿನಾರು ಹೆಸರುಗಳಲ್ಲಿ ಟ, ಡ, ಎ, ಒ ಇರಲಿಲ್ಲ. ಟ ಮತ್ತು ಡ ಊರಿನ ಹಸುಗಳ, ಅಂಗಡಿಗಳ ಹೆಸರಿನಿಂದ ಬಂದವು. ಉಳಿದವನ್ನು ಮಕ್ಕಳು ಸಾಕಷ್ಟು ಅಕ್ಷರ ಹಿಡಿದ ಮೇಲೆ ಚಾರ್ಟಿನಲ್ಲೇ ತೋರಿಸಿದೆ. ಆಗ ಚಾರ್ಟು ಅವರಿಗೆ ಹೊಸದಾಗಿರಲಿಲ್ಲ. "ನಾ ಅಕ್ಷರಂ ಇಕ್ಕಡುಂದಿ" ಅಂತ ತಮ್ಮ ತಮ್ಮ ಅಕ್ಷರ ಹುಡುಕಿ ಬೆರಳಿಡುತ್ತಿದ್ದರು.

ನವೆಂಬರಿನ ಒಂದು ಬೆಳಿಗ್ಗೆ ಪವನ್ ಕಮಲಳ ಹತ್ತಿರ ಹೋಗಿ ಲ ಮತ್ತು ಕ ಕೊಡು ಅಂತ ಕೇಳಿದ. ಕಮಲ ಮ ಒಂದನ್ನು ಇಟ್ಟುಕೊಂಡು ಎರಡನ್ನೂ ಕೊಟ್ಟಳು. ಅವನು ತನ್ನ ಪ ಮೊದಲು ಇಟ್ಟ, ಆಮೇಲೆ ಲ, ಆಮೇಲೆ ಕ. ಬೆರಳಿಟ್ಟು ಮೂರು ಚಪ್ಪಾಳೆಯ ಲೆಕ್ಕದಲ್ಲಿ ಓದಿದ. ಪಲಕ. ನಮ್ಮ ಕಡೆ ತೆಲುಗಿನಲ್ಲಿ ಸ್ಲೇಟಿಗೆ ಹೇಳುವ ಮಾತು. ಓಡಿಹೋಗಿ ಮೂಲೆಯಲ್ಲಿದ್ದ ಸ್ಲೇಟು ತಂದು ಆ ಮೂರು ತುಂಡುಗಳ ಪಕ್ಕ ಇಟ್ಟು ನನ್ನ ಮುಖ ನೋಡಿದ.