ಮೆಷಿನ್ ಇಲ್ಲದ ಕುಲ್ಫಿ: ಹಾಲು ಅರ್ಧಕ್ಕೆ ಇಳಿಸಿ, ಮಿಕ್ಕಿದ್ದು ಗೋಡಂಬಿಗೆ ಬಿಡಿ

ದಾವಣಗೆರೆಯಲ್ಲಿ ಶಿವರಾತ್ರಿ ಕಳೆದರೆ ಸಾಕು, ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗಲ್ಲ. ಆಗಿನಿಂದ ಮಳೆ ಬೀಳುವವರೆಗೆ ನಮ್ಮ ಮನೆಯಲ್ಲಿ ಕುಲ್ಫಿ ನಡೆಯುತ್ತಲೇ ಇರುತ್ತದೆ. ಮೆಷಿನ್ ಇಲ್ಲ, ಕುಲ್ಫಿಗೆ ಅದು ಬೇಕಾಗಿಯೂ ಇಲ್ಲ. ಐಸ್‌ಕ್ರೀಮ್ ಗಟ್ಟಿಯಾಗುವಾಗ ಅದನ್ನು ಕಡೆಯುತ್ತಲೇ ಇರುತ್ತಾರೆ. ಒಳಗೆ ಗಾಳಿ ಸೇರುತ್ತದೆ, ಐಸಿನ ಹರಳುಗಳು ದೊಡ್ಡದಾಗುವ ಮೊದಲೇ ಒಡೆಯುತ್ತವೆ. ಕುಲ್ಫಿಯನ್ನು ಯಾರೂ ಕಡೆಯುವುದಿಲ್ಲ. ಅಚ್ಚಿಗೆ ಹೊಯ್ದ ಮೇಲೆ ಅದು ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಹರಳು ಸಣ್ಣದಾಗಿರಲು ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಒಲೆ ಮೇಲೆಯೇ ಮುಗಿದಿರಬೇಕು.

ಹಲ್ಲಿಗೆ ಕರಕರ ಸಿಗುವುದು ಹಾಲಲ್ಲಿ ಉಳಿದ ನೀರು. ಒಂದು ಲೀಟರ್ ಎಮ್ಮೆ ಹಾಲಿಗೆ ಸುಮ್ನೆ ಸಕ್ಕರೆ, ಗೋಡಂಬಿ ಬೆರೆಸಿ ಫ್ರೀಜರಿಗೆ ಇಟ್ಟರೆ, ನೂರು ಗ್ರಾಂನಲ್ಲಿ ಸುಮಾರು 75 ಗ್ರಾಂ ನೀರೇ ಇರುತ್ತದೆ. ಅದೇ ಹಾಲನ್ನು ಅರ್ಧಕ್ಕೆ ಇಳಿಸಿ ಅಷ್ಟೇ ಸಕ್ಕರೆ, ಅಷ್ಟೇ ಗೋಡಂಬಿ ಹಾಕಿದರೆ ನೀರು 55 ಗ್ರಾಂ ಆಸುಪಾಸಿಗೆ ಬರುತ್ತದೆ. ನನ್ನ ಲೆಕ್ಕ ಇಷ್ಟೇ. ಇದಕ್ಕಿಂತ ಕೆಳಗೆ ಹೋಗಲು ನಾನು ಹಾಲನ್ನು ಇನ್ನೂ ಕಾಯಿಸುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಲು ಎಮ್ಮೆಯದೇ ಆಗಿದ್ದರೆ ಒಳ್ಳೆಯದು. ಅದರಲ್ಲಿ ಕೊಬ್ಬು ಜಾಸ್ತಿ, ಗಟ್ಟಿ ಅಂಶವೂ ಜಾಸ್ತಿ. ಸಿಗದಿದ್ದರೆ 6% ಕೊಬ್ಬಿರುವ ಪ್ಯಾಕೆಟ್ ಹಾಲು ತರುತ್ತೇನೆ. ದಿನಾ ಟೀಗೆ ಬಳಸುವ 3% ಕೊಬ್ಬಿನ ಹಾಲಲ್ಲಿ ಮಾಡಿದರೂ ಕುಲ್ಫಿ ಆಗುತ್ತದೆ, ಆದರೆ ನಾಲಿಗೆ ಮೇಲೆ ಆ ನುಣುಪು ಬರಲ್ಲ.

ಅಗಲ ಬಾಯಿಯ, ದಪ್ಪ ತಳದ ಪಾತ್ರೆ ತಗೊಳ್ಳಿ. ಅಗಲ ಇದ್ದಷ್ಟೂ ಆವಿ ಬೇಗ ಹೋಗುತ್ತದೆ. ಹಾಲು ಹಾಕುವ ಮೊದಲು ಅದೇ ಪಾತ್ರೆಗೆ ಅರ್ಧ ಲೀಟರ್ ನೀರು ಹೊಯ್ದು, ಮರದ ಸೌಟನ್ನು ನೇರವಾಗಿ ನಿಲ್ಲಿಸಿ, ನೀರು ಮುಟ್ಟಿದ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಆಮೇಲೆ ನೀರು ಚೆಲ್ಲಿ ಹಾಲು ಇಡುತ್ತೇನೆ. ಹಾಲು ಅರ್ಧ ಆಯಿತೋ ಇಲ್ಲವೋ ಎಂಬುದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ನೊರೆ ಎದ್ದಾಗಂತೂ ಗೊತ್ತೇ ಆಗಲ್ಲ. ಉರಿ ತಗ್ಗಿಸಿ ಸೌಟು ನಿಲ್ಲಿಸಿ ನೋಡಿದರೆ ಗೆರೆ ಹೇಳುತ್ತದೆ.

ಮೊದಲ ಕುದಿ ಬರುವವರೆಗೆ ದೊಡ್ಡ ಉರಿ, ಆಮೇಲೆ ಮಧ್ಯಮ. ಅಂಚಿಗೆ ಹತ್ತಿದ ಕೆನೆಯನ್ನು ಕೆರೆದು ಒಳಗೆ ಹಾಕುತ್ತಾ ಇರಬೇಕು. ಅಲ್ಲೇ ಬಿಟ್ಟರೆ ಒಣಗಿ, ಆಮೇಲೆ ಕರಗದ ಚೂರಾಗಿ ಬಾಯಿಗೆ ಸಿಗುತ್ತದೆ. ಒಂದು ಗಂಟೆ ಹಿಡಿಯುವ ಕೆಲಸ. ಬಿಟ್ಟು ಹೋಗುವಂತಿಲ್ಲ, ತಳ ಒಮ್ಮೆ ಸೀದರೆ ಆ ವಾಸನೆಯನ್ನು ಏಲಕ್ಕಿಯೂ ಮುಚ್ಚಲ್ಲ.

ಈಗ ಗೋಡಂಬಿ. ಒಂದು ಲೀಟರ್ ಹಾಲಿಗೆ 30 ಗ್ರಾಂ ಗೋಡಂಬಿ, 15 ಗ್ರಾಂ ಬಾದಾಮಿ ನನ್ನ ಅಳತೆ. ಎರಡನ್ನೂ ಒಂದೇ ಕೆಲಸಕ್ಕೆ ಹಾಕುತ್ತೇವೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಗೋಡಂಬಿಯಲ್ಲಿ ಪಿಷ್ಟ ಇದೆ. ಅಕ್ಕಿ ಹಿಟ್ಟಿನ ಗಂಜಿ ಬಿಸಿಗೆ ದಪ್ಪಗಾಗುವ ಹಾಗೆ ಇದೂ ಬೇಯುತ್ತಾ ನೀರನ್ನು ಹಿಡಿದುಕೊಂಡು ದಪ್ಪ ಆಗುತ್ತದೆ. ಹಿಡಿದುಕೊಂಡ ನೀರು ಆರಾಮಾಗಿ ಓಡಾಡಿ ದೊಡ್ಡ ಹರಳು ಕಟ್ಟಲಾರದು. ಬಾದಾಮಿಯಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಕೊಡುವುದು ಎಣ್ಣೆಯಂಶ, ನಾರು, ರುಚಿ. ಬರೀ ಬಾದಾಮಿ ಹಾಕಿ 'ಗಟ್ಟಿನೇ ಆಗ್ಲಿಲ್ಲ' ಅನ್ನುವವರಿಗೆ ಕಾರಣ ಇದೇ. ಪಿಸ್ತಾ ನನ್ನ ಲೆಕ್ಕದಲ್ಲಿ ಮೇಲೆ ಉದುರಿಸಲಿಕ್ಕೆ ಮಾತ್ರ, ಅರೆಯಲು ಅದರ ಬೆಲೆ ಒಪ್ಪಲ್ಲ. ಚಳ್ಳಕೆರೆ ಕಡೆ ಶೇಂಗಾ ಧಾರಾಳ, ಅಗ್ಗವೂ ಹೌದು. ಆದರೆ ಶೇಂಗಾ ಅರೆದು ಹಾಕಿದರೆ ಹಾಲಿನ ರುಚಿ ಹೋಗಿ ಚಿಕ್ಕಿ ತಿಂದ ಹಾಗಾಗುತ್ತದೆ. ಇಷ್ಟ ಇದ್ದವರು ಮಾಡಿಕೊಳ್ಳಲಿ.

ಗೋಡಂಬಿಯನ್ನು ಅದೇ ಹಾಲಿನಿಂದ ತೆಗೆದ ಅರ್ಧ ಬಟ್ಟಲು ಬಿಸಿ ಹಾಲಲ್ಲಿ ಅರ್ಧ ಗಂಟೆ ನೆನೆಸುತ್ತೇನೆ. ನೀರಲ್ಲಿ ನೆನೆಸಬೇಡಿ, ಗಂಟೆಗಟ್ಟಲೆ ನಿಂತು ಓಡಿಸಿದ ನೀರನ್ನು ವಾಪಸ್ ಯಾಕೆ ಕರೆಯಬೇಕು? ಬಾದಾಮಿ ಮಾತ್ರ ಬಿಸಿ ನೀರಲ್ಲಿ ನೆನೆಸಿ, ಸಿಪ್ಪೆ ತೆಗೆದು, ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಮಿಕ್ಸಿಯ ಚಿಕ್ಕ ಜಾರಿಗೆ ಎರಡನ್ನೂ ಹಾಕಿ, ನೆನೆಸಿದ ಹಾಲನ್ನೇ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಅರೆಯಿರಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಎಣ್ಣೆ ಬಿಡುತ್ತದೆ, ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು. ಎರಡು ಬೆರಳ ಮಧ್ಯೆ ತಿಕ್ಕಿ ನೋಡಿ. ರವೆಯ ಹಾಗೆ ಸಿಕ್ಕರೆ ಇನ್ನೊಂದು ಸುತ್ತು. ಬೆಣ್ಣೆಯ ಹಾಗೆ ಜಾರಿದರೆ ಸಾಕು.

ಹಾಲು ಗೆರೆಗಿಂತ ಒಂದು ಬೆರಳು ಮೇಲಿರುವಾಗ ಈ ಅರೆದದ್ದನ್ನು ಹಾಕಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಬೇಕು. ಇಲ್ಲಿ ಕೈ ಬಿಡುವ ಹಾಗೇ ಇಲ್ಲ. ಗೋಡಂಬಿ ತಳಕ್ಕೆ ಇಳಿದು ಹಾಲಿಗಿಂತ ಬೇಗ ಸೀಯುತ್ತದೆ. ಬೇಯಿಸದೆ ಕೊನೆಯಲ್ಲಿ ಹಸಿಯಾಗಿ ಕಲಸಿದರೆ ಪಿಷ್ಟ ಕೆಲಸವೇ ಮಾಡಲ್ಲ, ಹಸಿ ವಾಸನೆ ಬೇರೆ. ಬೆಂದಾಗ ಗುಳ್ಳೆಗಳ ಸದ್ದು ಬದಲಾಗುತ್ತದೆ. ಚಟಪಟ ಎನ್ನುತ್ತಿದ್ದದ್ದು ದಪ್ಪಗೆ ಪುಸ್ ಪುಸ್ ಅನ್ನುತ್ತದೆ. ಆಗ ಸಕ್ಕರೆ ಹಾಕಿ. ಮೊದಲೇ ಹಾಕಿದರೆ ತಳ ಹಿಡಿಯುವುದು ಹೆಚ್ಚು, ಬಣ್ಣವೂ ಕೆಂಪಾಗುತ್ತದೆ. 80 ಗ್ರಾಂ ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು. ಬಿಸಿಯಲ್ಲಿ ರುಚಿ ನೋಡಿದಾಗ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸಬೇಕು, ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ಸಕ್ಕರೆ ತೀರಾ ಕಡಿಮೆ ಮಾಡಿದರೆ ಕುಲ್ಫಿ ಕಲ್ಲಾಗುತ್ತದೆ. ತೀರಾ ಹೆಚ್ಚಾದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ.

ಹಾಲನ್ನು ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಚಿತ್ರದುರ್ಗದಲ್ಲಿರುವ ನನ್ನ ವಾರಗಿತ್ತಿ ಲೀಟರ್ ಹಾಲನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಮೇಲೆ ಹಾಲಿನ ಪುಡಿಯನ್ನೂ ಹಾಕುತ್ತಿದ್ದಳು. ಒಮ್ಮೆ ಫೋನ್ ಮಾಡಿ, 'ಅಕ್ಕಾ, ನಂದು ತಿಂದ್ರೆ ಮರಳು ಮರಳು ಅನ್ಸುತ್ತೆ. ನೀರು ಜಾಸ್ತಿ ಉಳ್ಕೊಂಡಿರ್ಬೇಕು ಅಲ್ವಾ?' ಅಂದಳು. 'ಆ ಮರಳು ಬಾಯಲ್ಲಿ ಬೇಗ ಕರಗುತ್ತಾ?' ಅಂತ ಕೇಳಿದೆ. 'ಇಲ್ಲಕ್ಕ, ಕುಲ್ಫಿ ಕರಗಿದ್ರೂ ಅದು ನಾಲಿಗೆ ಮೇಲೆ ಹಾಗೇ ಇರುತ್ತೆ' ಅಂದಳು. ಹಾಗಿದ್ದರೆ ಅದು ಐಸ್ ಅಲ್ಲ. ಹಾಲಿನಲ್ಲೇ ಇರುವ ಸಕ್ಕರೆ, ಲ್ಯಾಕ್ಟೋಸ್, ಹರಳು ಕಟ್ಟಿದ್ದು. ಹಾಲು ತುಂಬಾ ಇಳಿದಾಗ ಅದನ್ನು ಕರಗಿಸಿಟ್ಟುಕೊಳ್ಳುವಷ್ಟು ನೀರು ಉಳಿಯುವುದಿಲ್ಲ. ಹಾಲಿನ ಪುಡಿಯಲ್ಲಿ ಲ್ಯಾಕ್ಟೋಸ್ ಮತ್ತಷ್ಟು ಇರುತ್ತದೆ. ಐಸಿನ ಹರಳಾದರೆ ತಣ್ಣಗೆ ಕರಕರ ಅಂದು ಕ್ಷಣದಲ್ಲಿ ನೀರಾಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಯಾವುದು ಅಂತ ಮೊದಲು ನೋಡಿಕೊಳ್ಳಬೇಕು. ಅವಳಿಗೆ ಹಾಲು ಅರ್ಧಕ್ಕೇ ನಿಲ್ಲಿಸಿ ಗೋಡಂಬಿ ಹಾಕೋಕೆ ಹೇಳಿದೆ. ಮರಳು ಹೋಯಿತು, ಗ್ಯಾಸೂ ಉಳಿಯಿತು.

ಆದರೆ ಗೆರೆಯನ್ನೊಂದೇ ನಂಬುವಂತಿಲ್ಲ. ಹಾಲಿಗೆ ಮೊದಲೇ ನೀರು ಬಿದ್ದಿದ್ದರೆ ಅರ್ಧಕ್ಕೆ ಇಳಿದರೂ ತೆಳುವೇ. ಅದಕ್ಕೆ ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರೀಜರಿನಲ್ಲಿ ಇಟ್ಟಿರುತ್ತೇನೆ. ಒಂದು ಚಮಚ ಹಾಲನ್ನು ಅದರ ಮೇಲೆ ಹಾಕಿ, ಎರಡು ನಿಮಿಷ ಬಿಟ್ಟು ತಟ್ಟೆ ವಾಲಿಸಿ ನೋಡುತ್ತೇನೆ. ಅಂಚಿನಿಂದ ತೆಳ್ಳಗೆ ನೀರು ಬಿಟ್ಟುಕೊಂಡು ಹರಿದರೆ ಇನ್ನೊಂದೈದು ನಿಮಿಷ ಕಾಯಿಸಬೇಕು. ಇಡೀ ಮುದ್ದೆ ಒಟ್ಟಿಗೆ ನಿಧಾನಕ್ಕೆ ಜಾರಿದರೆ, ಬೆರಳಲ್ಲಿ ಎಳೆದ ಗೀರು ಕೂಡಿಕೊಳ್ಳದೆ ನಿಂತರೆ ಒಲೆ ಆರಿಸಬಹುದು.

ಬಿಸಿಯದ್ದನ್ನು ಅಚ್ಚಿಗೆ ಹೊಯ್ಯಬೇಡಿ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಆರಿಸಿ, ಆಮೇಲೆ ಫ್ರಿಜ್ಜಿನ ಕೆಳಭಾಗದಲ್ಲಿ ನಾಲ್ಕು ಗಂಟೆಯಾದರೂ ಇಡಿ. ಪೂರ್ತಿ ತಣ್ಣಗಾಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು. ನಿಧಾನವಾದಷ್ಟೂ ಹರಳು ಬೆಳೆಯಲು ಸಮಯ ಸಿಗುತ್ತದೆ. ಇದೇ ಕಾರಣಕ್ಕೆ ಪ್ಲಾಸ್ಟಿಕ್ ಕಪ್ಪಿಗಿಂತ ಅಲ್ಯೂಮಿನಿಯಂ ಅಚ್ಚು ಅಥವಾ ಚಿಕ್ಕ ಸ್ಟೀಲ್ ಲೋಟ ವಾಸಿ. ಒಂದು ಲೀಟರ್ ಹಾಲಿಗೆ 60 ಎಂಎಲ್‌ನ ಹತ್ತು ಅಚ್ಚು ತುಂಬುತ್ತವೆ. ಮೇಲೆ ಸ್ವಲ್ಪ ಜಾಗ ಬಿಡಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ.

ನಮ್ಮದು ಒಂದೇ ಬಾಗಿಲಿನ ಹಳೇ ಫ್ರಿಜ್. ಬೇಸಿಗೆಯಲ್ಲಿ ಅದರ ಫ್ರೀಜರ್ ಅಷ್ಟು ಬೇಗ ತಣಿಸಲ್ಲ. ಅದಕ್ಕೆ ಜಾಸ್ತಿ ಮಾಡುವ ದಿನ ನಾನು ಐಸು, ಉಪ್ಪನ್ನೇ ನಂಬುವುದು. ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ ಹಾಕಿ ಕುಟ್ಟಿ, ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು ಪದರ ಪದರವಾಗಿ ಬಕೆಟ್ಟಿಗೆ ಹಾಕುತ್ತೇನೆ. ಉಪ್ಪು ಬಿದ್ದ ಐಸು ಕರಗುತ್ತಾ ಸುತ್ತಲಿನ ಬಿಸಿ ಎಳೆದುಕೊಂಡು ಸೊನ್ನೆಗಿಂತ 15 ಡಿಗ್ರಿ ಕೆಳಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಅಚ್ಚಿನ ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕವನ್ನು ಒತ್ತಿ ಮುಚ್ಚಬೇಕು, ಒಂದು ಹನಿ ಉಪ್ಪು ನೀರು ಒಳಗೆ ಹೋದರೂ ಆ ಕುಲ್ಫಿ ಹಾಳು. ಗೋಣಿಚೀಲವನ್ನೇ ಮಡಿಸಿ ಬಕೆಟ್ ಮೇಲೆ ಹೊದಿಸಿದರೆ ಎರಡು ಗಂಟೆ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಬೇಡಿ, ಚರ್ಮ ಸುಟ್ಟ ಹಾಗಾಗುತ್ತದೆ.

ಫ್ರೀಜರಿನಲ್ಲೇ ಮಾಡುವುದಾದರೆ ರಾತ್ರಿ ಇಡಿ, ಯಾರೂ ಬಾಗಿಲು ತೆಗೆಯಲ್ಲ. ಅಚ್ಚುಗಳು ಫ್ರೀಜರಿನ ತಳಕ್ಕೆ ನೇರವಾಗಿ ತಾಗಿರಲಿ. ಎರಡು ಬಾಗಿಲಿನ ಫ್ರಿಜ್ಜಾದರೆ ಹಿಂದಿನ ಗೋಡೆ ಕಡೆ ಇಡಿ, ಬಾಗಿಲ ಹತ್ತಿರ ಬೇಡ.

ಕರೆಂಟ್ ಹೋದರೆ? ಒಂದು ಗಂಟೆ ಹೋದರೆ ಬಾಗಿಲು ತೆಗೆಯದಿದ್ದರೆ ಸಾಕು. ಅರ್ಧಂಬರ್ಧ ಕರಗಿ ಮತ್ತೆ ಗಟ್ಟಿಯಾದರೆ ಮಾತ್ರ ಒಳ್ಳೇ ಕುಲ್ಫಿಯೂ ಕರಕರ ಆಗುತ್ತದೆ. ಸಣ್ಣ ಹರಳು ಕರಗಿ, ಆ ನೀರು ಉಳಿದ ಹರಳಿಗೆ ಅಂಟಿ ದೊಡ್ಡದಾಗುತ್ತದೆ. ಹಾಗಾದಾಗ ಎಲ್ಲವನ್ನೂ ಪಾತ್ರೆಗೆ ಸುರಿದು, ಒಂದು ಕುದಿ ಬರಿಸಿ, ಪೂರ್ತಿ ಆರಿಸಿ ಮತ್ತೆ ಅಚ್ಚಿಗೆ ಹಾಕುತ್ತೇನೆ. ಹಾಲು ಹುಳಿ ವಾಸನೆ ಬಂದಿದ್ದರೆ ಬಿಸಾಡುವುದೇ. ಎಲ್ಲ ಸರಿ ಇದ್ದರೂ ವಾರದೊಳಗೆ ತಿಂದು ಮುಗಿಸಿ, ಇಟ್ಟಷ್ಟೂ ಹರಳು ಬೆಳೆಯುತ್ತಲೇ ಇರುತ್ತದೆ.