ಬರೆದದ್ದು ಚಾಪ್ಪಾಟು, ಓದಿದ್ದು ಸಾಪ್ಪಾಡು

ಕೊಯಮತ್ತೂರಿಗೆ ವರ್ಗ ಆಯ್ತು. ಹೊರಡಲು ಒಂದು ತಿಂಗಳಿತ್ತು. ಉಡುಪಿಯ ನಮ್ಮ ಪಕ್ಕದ ಮನೆಯ ತಮಿಳು ಮಾಮಿಯ ಹತ್ತಿರ ಅಕ್ಷರ ಕಲಿತೆ. ಹತ್ತು ದಿನ ಬೇಕಾದೀತು ಅಂದುಕೊಂಡಿದ್ದೆ, ಮೂರೇ ದಿನಕ್ಕೆ ಮುಗಿಯಿತು. ಆಮೇಲೆ ಅವರ ಮನೆಯ ಕ್ಯಾಲೆಂಡರ್ ಓದಲು ಕೂತೆ. ಮಾಮಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ‘ಮಕನ್’, ‘ಪಕಲ್’, ‘ಕಟಲ್’ ಅಂತ ಓದುತ್ತಿದ್ದೆ.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಟ–ಡ, ತ–ದ, ಪ–ಬ ಕೂಡ ಹಾಗೆಯೇ. ಯಾವುದನ್ನು ಓದಬೇಕು ಅನ್ನೋದನ್ನು ಅಕ್ಷರ ಹೇಳೋದಿಲ್ಲ, ಅದು ಕೂತ ಜಾಗ ಹೇಳುತ್ತದೆ. ಪದದ ಮೊದಲಲ್ಲಿದ್ದರೆ ಗಟ್ಟಿ: ಕ, ತ, ಪ. ಅದೇ ಅಕ್ಷರದ ಒತ್ತು ಇದ್ದು ಕ್ಕ, ತ್ತ, ಪ್ಪ ಆಗಿದ್ದರೂ ಗಟ್ಟಿ. ಎರಡು ಸ್ವರಗಳ ನಡುವೆ ಒಂಟಿಯಾಗಿದ್ದರೆ ಮೆದು: ಗ, ಡ, ದ. ಅನುನಾಸಿಕದ ನಂತರವೂ ಮೆದು. ಹಾಗೆ ಓದಿದಾಗ ಮಗನ್, ಪಗಲ್, ಕಡಲ್ ಬಂತು. ಮಗ, ಹಗಲು, ಕಡಲು! ನಮ್ಮ ಪದಗಳೇ ಅಲ್ವಾ? ಸರಿಯಾಗಿ ಓದಿದೆನಾ ಅಂತ ನೋಡಲು ನನಗೆ ಇದೇ ಉಪಾಯವಾಯ್ತು.

‘ಚ’ ಸ್ವಲ್ಪ ಬೇರೆ. ಪದದ ಮೊದಲು ಮತ್ತು ಸ್ವರಗಳ ನಡುವೆ ಸಾಮಾನ್ಯವಾಗಿ ‘ಸ’ ಆಗುತ್ತದೆ, ಒತ್ತಿದ್ದರೆ ‘ಚ್ಚ’, ‘ಞ’ ನಂತರ ‘ಜ’.

ಹೋಟೆಲಿನ ಬೋರ್ಡಿನ ‘ಚಾಪ್ಪಾಟು’ ಪದ ತೆಗೆದುಕೊಳ್ಳಿ. ಮೊದಲ ಚ, ಸ ಆಯ್ತು. ಪ್ಪ ಒತ್ತು, ಹಾಗೇ ಇರಲಿ. ಟ ಎರಡು ಸ್ವರಗಳ ನಡುವೆ, ಅದು ಡ. ಸಾಪ್ಪಾಡು, ಅಂದರೆ ಊಟ. ಕೊನೆಯ ಉ ಪೂರ್ತಿ ಉ ಅಲ್ಲ, ತುಟಿ ದುಂಡಗೆ ಮಾಡಬಾರದು. ಇದಕ್ಕೆ ಬೆಂಗಳೂರಿನವರು ಒದ್ದಾಡಬಹುದು, ನಮಗೆ ಸುಲಭ. ತುಳುವಿನಲ್ಲಿ ಕಾಡಿಗೆ ‘ಕಾಡ್’ ಅನ್ನುವಾಗ ಕೊನೆಗೆ ಬರುವ ಅರ್ಧ ಸ್ವರವೇ ಅದು. ತಮಿಳಿನ ಕಾಡೂ ಹಾಗೆಯೇ.

ಜಾಸ್ತಿ ತಪ್ಪಿದ್ದು ಒತ್ತಿನಲ್ಲಿ. ಒತ್ತು ಬಿಟ್ಟು ಓದಿದರೆ ಪ್ಪ ಇದ್ದದ್ದು ಬ ಆಗಿಬಿಡುತ್ತದೆ, ಪದವೇ ಬದಲಾಗುತ್ತದೆ. ಅದಕ್ಕೆ ಮೊದಲ ವಾರ ಪೆನ್ಸಿಲ್ ಹಿಡಿದು ಒತ್ತುಗಳಿಗೆಲ್ಲ ಗೆರೆ ಎಳೆದೆ. ಆಮೇಲೆ ಬಾಯಿ ತೆರೆದೆ.

ಹೊರಗಿನಿಂದ ಬಂದ ಪದಗಳಿಗೆ ಈ ನಿಯಮ ಸಾಲದು. ಅಂಗಡಿಯ ಚೀಟಿಯಲ್ಲಿ ‘ಪಾಕ್ಕಿ’ ಅಂತಿತ್ತು. ನಿಯಮದ ಪ್ರಕಾರವೇ ಓದಿದೆ, ಅಂಗಡಿಯವನಿಗೆ ತಿಳಿಯಲಿಲ್ಲ. ಅದು ಬಾಕ್ಕಿ, ನಮ್ಮ ಬಾಕಿ. ‘ಪಸ್’ ಅಂತ ಬರೆದದ್ದು ಬಸ್, ‘ಕಾಂತಿ’ ಅಂತ ಬರೆದದ್ದು ಗಾಂಧಿ ಆಗಿರಬಹುದು. ನಿಯಮದಂತೆ ಓದಿ ಅರ್ಥವಾಗದಿದ್ದರೆ ಮೊದಲ ಅಕ್ಷರವನ್ನು ಮೆದು ಮಾಡಿ ನೋಡುತ್ತೇನೆ. ‘ತೋಚೈ’ ನಿಯಮದಂತೆ ತೋಸೈ. ಜನ ದೋಸೈ ಅಂತಲೂ ಅನ್ನುತ್ತಾರೆ. ಉಡುಪಿಯವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.