ಗಾಜು ಒಡೆದ ಮೊಬೈಲಿಗೆ ಕೊಟ್ಟ 1,200 ರೂಪಾಯಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಕೋಣೆಯ ಎಡಿಟಿಂಗ್ ಅಂಗಡಿ. ಮದುವೆ, ಜಾತ್ರೆ, ಬಯಲಾಟ, ಯಾವುದನ್ನೂ ಬಿಡುವುದಿಲ್ಲ. ಮುಗಿದ ವಿಡಿಯೋದ ದನಿ ಪರೀಕ್ಷಿಸಲು ಮೇಜಿನ ಮೇಲಿಟ್ಟಿರುವ ಒಡೆದ ಗಾಜಿನ ಹಳೆಯ ಮೊಬೈಲ್ ನೋಡಿದವರೆಲ್ಲ ನಕ್ಕಿದ್ದಾರೆ. ಊರಿನ ಹಿರಿಯ ಸ್ಟುಡಿಯೋದವರೊಬ್ಬರು, "ತಮ್ಮಾ, 30 ಸಾವಿರ ಹಾಕಿ ಒಳ್ಳೆಯ ಮಾನಿಟರ್ ಸ್ಪೀಕರ್ ತೆಗೆದುಕೋ, ಈ ಆಟಿಕೆಯಲ್ಲಿ ಏನು ಕೇಳಿಸುತ್ತದೆ?" ಎಂದಿದ್ದರು. ಕೇಳಿಸದೇ ಇರುವುದನ್ನು ತಿಳಿಯುವುದಕ್ಕೇ ಅದನ್ನು ಕೊಂಡದ್ದು ಎಂದು ಆಗ ಹೇಳುವ ಧೈರ್ಯವಿರಲಿಲ್ಲ. ಈಗ ಇದೆ.

ಪಾಠ ಕಲಿತದ್ದು ಲೋಕಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಡೆದ ಶ್ರೀಕೃಷ್ಣ ಪಾರಿಜಾತದಿಂದ. ಇಡೀ ರಾತ್ರಿಯ ಆಟ, ಮೂರು ಕ್ಯಾಮೆರಾ, ಒಪ್ಪಿಕೊಂಡ ಹಣ 18 ಸಾವಿರ. ಮೈಕ್‌ಸೆಟ್‌ನವನ ಮಿಕ್ಸರ್‌ನಿಂದ ನೇರವಾಗಿ ನನ್ನ ಕ್ಯಾಮೆರಾಕ್ಕೆ ತಂತಿ ಎಳೆದಿದ್ದೆವು. ತಂತಿ ಅವನದೇ: ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಸಣ್ಣ ಸ್ಟೀರಿಯೋ ಜ್ಯಾಕ್. ಮೀಟರ್‌ನಲ್ಲಿ ಎಡ ಬಲ ಎರಡೂ ಒಂದೇ ಸಮನೆ ಕುಣಿಯುತ್ತಿದ್ದವು. ನಿಶ್ಚಿಂತನಾದೆ.

ಹೆಡ್‌ಫೋನ್ ಹಾಕಿಕೊಂಡು ನಾಲ್ಕೈದು ದಿನ ಎಡಿಟ್ ಮಾಡಿದೆ. ಸತ್ಯಭಾಮೆಯ ಹಾಡು ಎದುರಿಗೆ ನಿಂತು ಹಾಡಿದಂತಿರದೆ, ತಲೆಯ ಹಿಂದಿನಿಂದ ಎರಡೂ ಕಿವಿಗೆ ಹರಡಿಕೊಂಡು ಬಂದಂತಿತ್ತು. ಆ ಹರವನ್ನು ನಾನು ಗುಣ ಎಂದುಕೊಂಡೆ! ದೋಷ ತನ್ನ ಹೆಸರು ಹೇಳಿಕೊಂಡೇ ಎದುರಿಗೆ ಬಂದಿತ್ತು, ನಾನು ಗುರುತಿಸಲಿಲ್ಲ. ಯೂಟ್ಯೂಬ್‌ಗೆ ಹಾಕಿದ ಮರುದಿನ ಮೇಳದ ಯಜಮಾನರ ಫೋನ್ ಬಂತು. "ತಮ್ಮಾ, ಆಟ ಕಾಣಿಸುತ್ತದೆ, ಹಾಡು ಎಲ್ಲಿ ಹೋಯಿತು?" ಊರಿನ ಅರ್ಧ ಮಂದಿಗೆ ಹಾಡು ಸರಿಯಾಗಿ ಕೇಳಿಸಿತ್ತು, ಉಳಿದ ಅರ್ಧಕ್ಕೆ ಚಪ್ಪರದ ಹೊರಗೆ ನಿಂತು ಕೇಳಿದಷ್ಟೇ.

ಕಾರಣ ಆ ತಂತಿ. ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ ಎರಡನೆಯ ಪಿನ್ನಿನಲ್ಲಿ ದನಿ ಇರುತ್ತದೆ, ಮೂರನೆಯ ಪಿನ್ನಿನಲ್ಲಿ ಅದೇ ದನಿ ತಲೆಕೆಳಗಾಗಿರುತ್ತದೆ. ಆ ತಂತಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೊಟ್ಟಿತ್ತು. ಹೆಡ್‌ಫೋನ್‌ನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋಗುವುದರಿಂದ ಎರಡೂ ಉಳಿಯುತ್ತವೆ. ಟಿವಿಯಲ್ಲೂ ಸ್ವಲ್ಪ ಸೊರಗಿ ಉಳಿಯುತ್ತವೆ. ಒಂದೇ ಸ್ಪೀಕರ್ ಇರುವ ಮೊಬೈಲ್ ಎಡ ಬಲಗಳನ್ನು ಕೂಡಿಸಿ ನುಡಿಸುತ್ತದೆ. ಐದರಿಂದ ಐದನ್ನು ಕಳೆದಂತೆ ಹಾಡು ಸೊನ್ನೆಯಾಗುತ್ತದೆ. ಕೇಳಿಸಿದ್ದು ಹಿಂದಿನ ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಸಿಕ್ಕ ದೂರದ ದನಿ ಮಾತ್ರ. ನನ್ನ ಮೊಬೈಲಿಗೆ ಎರಡು ಸ್ಪೀಕರ್, ಹಾಗಾಗಿ ಅದರಲ್ಲಿ ನೋಡಿದ್ದರೂ ದನಿ ತೆಳ್ಳಗಾಗಿದೆ ಎನ್ನುವಷ್ಟೇ ತಿಳಿಯುತ್ತಿತ್ತೇನೋ.

ಬಾಕಿಯಿದ್ದ 8 ಸಾವಿರ ನಿಂತುಹೋಯಿತು. ಯೂಟ್ಯೂಬ್‌ನಲ್ಲಿ ಅದೇ ಲಿಂಕಿಗೆ ಬೇರೆ ಫೈಲ್ ಕೂರಿಸಲು ಬರುವುದಿಲ್ಲ. ಎರಡು ದಿನದಲ್ಲಿ ಮೂರು ಸಾವಿರದ ಆಸುಪಾಸು ಮಂದಿ ನೋಡಿದ್ದ ವಿಡಿಯೋ ಅಳಿಸಿ ಮತ್ತೆ ಹಾಕಬೇಕಾಯಿತು. ದುರಸ್ತಿ ಮಾತ್ರ ಒಂದು ಸಾಲಿನದು. ಎಡದಿಂದ ಬಲವನ್ನು ಕಳೆದರೆ ತಲೆಕೆಳಗಾದದ್ದು ನೆಟ್ಟಗಾಗಿ ಸೇರಿಕೊಳ್ಳುತ್ತದೆ:

```
ffmpeg -i mixer.wav -af "pan=mono|c0=0.5*c0-0.5*c1" fixed.wav
```

ಎಡದ ಚಾನೆಲ್ ಒಂದನ್ನೇ ಇಟ್ಟುಕೊಂಡರೂ ಕೆಲಸ ನಡೆಯುತ್ತದೆ. ನಾನು ಕಳೆಯುವ ದಾರಿ ಹಿಡಿದದ್ದು, ತಂತಿಯುದ್ದಕ್ಕೂ ಎರಡೂ ಕಡೆ ಒಂದೇ ತೆರನಾಗಿ ಸೇರಿಕೊಂಡಿದ್ದ ಗುಂಯ್ ಸದ್ದು ಅದರಿಂದ ಇಳಿಯುತ್ತದೆ ಎಂದು. ಸಾಕಷ್ಟು ಇಳಿಯಿತು ಕೂಡ. ಆದರೆ ಇದು ಮಿಕ್ಸರ್‌ನ ಟ್ರ್ಯಾಕಿಗೆ ಮಾತ್ರ. ಸರಿಯಿರುವ ಸ್ಟೀರಿಯೋಗೆ ಇದನ್ನೇ ಮಾಡಿದರೆ ನಡುವಿನ ದನಿಯನ್ನು ನೀವೇ ಅಳಿಸಿದಂತೆ.

ಆಮೇಲೆ ಹಳೆಯ ಮೊಬೈಲ್ ಅಂಗಡಿಯಲ್ಲಿ ಒಂದೇ ಸ್ಪೀಕರಿನದನ್ನು ಹುಡುಕಿ 1,200 ರೂಪಾಯಿಗೆ ತಂದೆ. ಈಗ ಫೈನಲ್ ಕಟ್ ಮೊದಲು ಹೋಗುವುದು ಅದಕ್ಕೆ. ಅದೂ ಫೈಲ್ ಆಗಿ ಅಲ್ಲ. `Unlisted` ಎಂದು ಯೂಟ್ಯೂಬ್‌ಗೆ ಏರಿಸಿ, ಅಲ್ಲಿಂದಲೇ ನೋಡುತ್ತೇನೆ. ಫ್ಯಾನ್ ಹಾಕಿ, ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ದನಿಯನ್ನು ಅರ್ಧಕ್ಕೆ ಇಳಿಸಿ, ಪರದೆ ನೋಡದೆ ಕೇಳುತ್ತೇನೆ. ರೊಟ್ಟಿ ಬಡಿಯುತ್ತಿರುವ ನನ್ನ ಹೆಂಡತಿಗೆ ಯಾವ ಮಾತು ತಿಳಿಯಲಿಲ್ಲವೋ ಆ ಜಾಗವನ್ನು ಬರೆದುಕೊಳ್ಳುತ್ತೇನೆ. ನನಗೆ ಮಾತು ಬಾಯಿಪಾಠವಾಗಿರುವುದರಿಂದ ನನ್ನ ಕಿವಿ ಸಾಕ್ಷಿಗೆ ಬರುವುದಿಲ್ಲ. ಬಸ್ಸಿನಲ್ಲಿ ಮುಧೋಳದವರೆಗೆ ಕೇಳುತ್ತ ಹೋಗಿ ನೋಡಿದ್ದೂ ಉಂಟು. ಎಂಜಿನ್ನಿನ ಸದ್ದಿಗೆ ಎಲ್ಲವೂ ಕೆಟ್ಟದಾಗಿ ಕೇಳಿಸಿತು, ಏನೂ ತಿಳಿಯಲಿಲ್ಲ, ಟಿಕೆಟ್ ದುಡ್ಡು ದಂಡ.

ಮೊಬೈಲಿನಲ್ಲಿ ತಬಲಾದ ಡಗ್ಗಾ ಮಾಯವಾಗುತ್ತದೆ, ಅಷ್ಟು ಸಣ್ಣ ಸ್ಪೀಕರ್ ಆ ತಗ್ಗಿನ ದನಿಯನ್ನು ಹೊರಡಿಸಲಾರದು. ಅಲ್ಲಿ ಬಾಸ್ ಏರಿಸಿದರೆ ಮೊಬೈಲಿನಲ್ಲಿ ಬದಲಾಗುವುದಿಲ್ಲ, ಟಿವಿಯಲ್ಲಿ ಕಿಟಕಿ ನಡುಗುತ್ತದೆ. ಡಗ್ಗಾದ ಮೇಲಿನ ಪದರವನ್ನು ಸ್ವಲ್ಪ ಒರಟು ಮಾಡಿದರೆ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಎಷ್ಟು ಒರಟು, ಯಾವುದರಿಂದ ಎನ್ನುವುದನ್ನು ಬರೆಯುವುದಿಲ್ಲ; ಈ ಊರಿನಲ್ಲಿ ನನ್ನಂಥ ಅಂಗಡಿಗಳು ಇನ್ನೂ ಹತ್ತಾರಿವೆ.

ಎರಡನೆಯ ಸುತ್ತಿನ ಪರೀಕ್ಷೆಗೆ ಮನೆಯ 32 ಇಂಚಿನ ಟಿವಿ. ಅದರ ಬಣ್ಣ, ಸರೌಂಡ್ ಸೆಟ್ಟಿಂಗ್‌ಗಳನ್ನು ನಾನು ಮುಟ್ಟುವುದಿಲ್ಲ, ನೋಡುವವರೂ ಮುಟ್ಟಿರುವುದಿಲ್ಲ. ಪಾರಿಜಾತದಲ್ಲಿ ಕಲಾವಿದರ ಹೆಸರುಗಳ ಕೆಳಸಾಲಿನ ಒತ್ತಕ್ಷರಗಳೆಲ್ಲ ಪರದೆಯಂಚಿನಲ್ಲಿ ಕತ್ತರಿಸಿಹೋಗಿದ್ದವು. ಕಂಪ್ಯೂಟರ್‌ನಿಂದ ಎಚ್‌ಡಿಎಂಐನಲ್ಲಿ ಬಂದ ಚಿತ್ರವನ್ನು ಈ ಟಿವಿ ಅಂಚಿನಲ್ಲಿ ತುಸು ಹಿಗ್ಗಿಸಿ ಕತ್ತರಿಸುತ್ತದೆ. ಕೆಲವು ಮನೆಗಳಲ್ಲಿ ಹೀಗಾಗುತ್ತದೆ, ಕೆಲವು ಮನೆಗಳಲ್ಲಿ ಇಲ್ಲ. ಅದಕ್ಕೇ ಈಗ ಕೆಳಗೆ ಹತ್ತರಲ್ಲಿ ಒಂದು ಪಾಲು ಖಾಲಿ ಬಿಡುತ್ತೇನೆ.

ಹೆಡ್‌ಫೋನ್ ಕೊನೆಯ ಸುತ್ತಿಗೆ. ಇದನ್ನೇ ಎಲ್ಲರೂ ಮೊದಲು ಮಾಡಬೇಕು ಎನ್ನುತ್ತಾರೆ. ಮೊದಲು ಹಾಕಿಕೊಂಡರೆ ಕಟ್ ಬಿದ್ದಲ್ಲಿನ ಚಿಟ್ ಸದ್ದು, ಹಾಡಿನ ನಡುವಿನ ಉಸಿರು ಒರೆಸುತ್ತ ಒಂದು ದಿನ ಹೋಗುತ್ತದೆ. ಆಮೇಲೆ ಮೊಬೈಲಿನಲ್ಲಿ ಮಾತೇ ತಿಳಿಯದೆ ಇಡೀ ಮಿಕ್ಸ್ ಬದಲಾಗುತ್ತದೆ, ಒರೆಸಿದ್ದೆಲ್ಲ ಮತ್ತೆ. ಹೆಡ್‌ಫೋನಿಗೆ ತಂತಿ ಇರಲೇಬೇಕು. ಒಮ್ಮೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು, ತುಟಿಗಿಂತ ದನಿ ಹಿಂದಿದೆ ಎಂದು ಒಂದು ಮದುವೆಯ ಇಡೀ ದನಿಯನ್ನು ಐದು ಫ್ರೇಮ್ ಮುಂದಕ್ಕೆ ಎಳೆದಿದ್ದೆ. ತಡವಾಗುತ್ತಿದ್ದುದು ಇಯರ್‌ಫೋನ್. ಟಿವಿಯಲ್ಲಿ ಪುರೋಹಿತರು ಬಾಯಿ ತೆರೆಯುವ ಮೊದಲೇ ಮಂತ್ರ ಬರುತ್ತಿತ್ತು.

ಈ ಮೂರು ಸುತ್ತಿಗೆ ಒಂದು ಗಂಟೆಯ ವಿಡಿಯೋಕ್ಕೆ ಸುಮಾರು ಅರ್ಧ ದಿನ ಬೇಕು. ಅದಕ್ಕೆ 1,500 ರೂಪಾಯಿ ಬೇರೆಯೇ ಹಿಡಿಯುತ್ತೇನೆ. ಮೊದಲು ಚೌಕಾಸಿ ಮಾಡುತ್ತಿದ್ದರು, ಈಗ ಹತ್ತರಲ್ಲಿ ಏಳು ಮಂದಿ ಸುಮ್ಮನೆ ಕೊಡುತ್ತಾರೆ. ಕಳೆದ ವರ್ಷ ಅದೇ ಮೇಳದವರು ಮತ್ತೆ ಕರೆದರು. ಮೈಕ್‌ಸೆಟ್‌ನವನೂ ಅವನೇ, ಅದೇ ತಂತಿಯನ್ನು ಹಿಡಿದುಕೊಂಡೇ ಬಂದ. ಈ ಸಲ ನನ್ನ ಬಳಿ ಮೂರನೆಯ ಪಿನ್ನನ್ನು ಕ್ಯಾಮೆರಾದ ಕಡೆಗೆ ಸೇರಿಸದೆ ಬಿಟ್ಟು ನಾನೇ ಬೆಸುಗೆ ಹಾಕಿದ, ಕೆಂಪು ಟೇಪು ಸುತ್ತಿದ ತಂತಿ ಇತ್ತು. ಆಟ ಮುಗಿದ ಬೆಳಗಿನ ಗಡಿಬಿಡಿಯಲ್ಲಿ ಅವನು ಅದನ್ನೂ ತನ್ನ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಇನ್ನೂ ತಂದುಕೊಟ್ಟಿಲ್ಲ.